ಹದಿನೆಂಟನೇ ತಿಂಗಳ ಚುಕ್ಕೆ

ಎರಡು ವರ್ಷ ತುಂಬಿದ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದ ತಾಯಿ, ಕುರ್ಚಿಯಲ್ಲಿ ಕೂರುವ ಮೊದಲೇ ಬೆಳವಣಿಗೆ ಕಾರ್ಡನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ಆಗಷ್ಟೇ ಹೊರಗಿನ ಕೋಣೆಯಲ್ಲಿ ಅಳತೆ ಮುಗಿದಿತ್ತು. ಅವರ ಬೆರಳು ಹೊಸ ಚುಕ್ಕೆಯ ಮೇಲಿತ್ತು. "ಡಾಕ್ಟರೇ, ಹೋದ ಸಲ ಎಂಬತ್ತನಾಲ್ಕು ಇತ್ತು, ಈಗ ಎಂಬತ್ತೈದು. ಆರು ತಿಂಗಳಲ್ಲಿ ಒಂದೇ ಸೆಂಟಿಮೀಟರ್ ಬೆಳೆದಿದ್ದಾನೆ. ಮೊದಲು ಎಪ್ಪತ್ತರ ಮೇಲಿದ್ದವನು ಈಗ ಇಪ್ಪತ್ತೈದಕ್ಕೆ ಇಳಿದಿದ್ದಾನಂತೆ."

ಆ ಎಪ್ಪತ್ತು, ಇಪ್ಪತ್ತೈದು ಎನ್ನುವುದನ್ನು ಮೊದಲು ಬಿಡಿಸಬೇಕಾಯಿತು. ನಮ್ಮಲ್ಲಿ ನೂರರೊಳಗಿನ ಯಾವ ಸಂಖ್ಯೆ ಕಂಡರೂ ಅದು ಪರೀಕ್ಷೆಯ ಅಂಕದಂತೆಯೇ ಕಿವಿಗೆ ಬೀಳುತ್ತದೆ. ಪರ್ಸೆಂಟೈಲ್ ಅಂಕವಲ್ಲ, ಸರದಿ. ಇದೇ ವಯಸ್ಸಿನ ನೂರು ಆರೋಗ್ಯವಂತ ಗಂಡು ಮಕ್ಕಳನ್ನು ಗಿಡ್ಡವನಿಂದ ಎತ್ತರದವನವರೆಗೆ ಸಾಲಾಗಿ ನಿಲ್ಲಿಸಿದರೆ, ಇಪ್ಪತ್ತೈದನೇ ಪರ್ಸೆಂಟೈಲಿನ ಹುಡುಗನಿಗಿಂತ ಸುಮಾರು ಇಪ್ಪತ್ತೈದು ಮಂದಿ ಗಿಡ್ಡವರು, ಎಪ್ಪತ್ತೈದು ಮಂದಿ ಎತ್ತರದವರು. ಸಾಲಿನಲ್ಲಿ ನಿಂತ ನೂರೂ ಮಂದಿ ಆರೋಗ್ಯವಂತರೇ. ಮೂರನೇ ಪರ್ಸೆಂಟೈಲಿನ ಕೆಳಗೂ ಮೂರು ಆರೋಗ್ಯವಂತ ಮಕ್ಕಳು ಇದ್ದೇ ಇರುತ್ತಾರೆ. ನಾನು ಬಳಸುವುದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಚಾರ್ಟು. ಭಾರತವೂ ಸೇರಿ ಆರು ದೇಶಗಳಲ್ಲಿ, ಎದೆಹಾಲು ಕುಡಿದು ಒಳ್ಳೆಯ ಆರೈಕೆಯಲ್ಲಿ ಬೆಳೆದ ಮಕ್ಕಳನ್ನು ಅಳೆದು ಅದನ್ನು ಮಾಡಿದ್ದಾರೆ. ಅದರಲ್ಲಿ 3, 15, 50, 85, 97 ಎಂದು ಐದು ಗೆರೆಗಳಿವೆ. ಗಂಡು ಮಕ್ಕಳಿಗೆ, ಹೆಣ್ಣು ಮಕ್ಕಳಿಗೆ ಹಾಳೆಗಳು ಬೇರೆ ಬೇರೆ.

ಹಾಗಾಗಿ ಇಪ್ಪತ್ತೈದು ಎನ್ನುವುದರಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ತಾಯಿ ಹೆದರಿದ್ದು ಇಳಿತಕ್ಕೆ, ಮತ್ತು ಅದು ನ್ಯಾಯವಾಗಿಯೇ ಇತ್ತು. ಎರಡು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ತಮ್ಮ ತಮ್ಮ ಜಾಡು ಹಿಡಿದಿರುತ್ತಾರೆ. ಆಮೇಲೆ ಗೆರೆಗಳನ್ನು ದಾಟಿ ಕೆಳಗೆ ಜಾರುವ ಮಗುವನ್ನು ನಾವು ಸುಮ್ಮನೆ ಮನೆಗೆ ಕಳುಹಿಸುವುದಿಲ್ಲ. ಆದರೆ ಮಗುವನ್ನು ಅನುಮಾನಿಸುವ ಮೊದಲು ಚುಕ್ಕೆಯನ್ನು ಅನುಮಾನಿಸಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ನಾನು ಕಾರ್ಡನ್ನು ನನ್ನ ಕಡೆಗೆ ತಿರುಗಿಸಿಕೊಂಡೆ.

ಒಂದು ವರ್ಷಕ್ಕೆ ಉದ್ದ 75.5 ಸೆಂಟಿಮೀಟರ್. ಆ ವಯಸ್ಸಿನ ನಡುಗೆರೆ 75.7ರಲ್ಲಿದೆ, ಅಂದರೆ ಮಗು ಹೆಚ್ಚು ಕಡಿಮೆ ಗೆರೆಯ ಮೇಲೆಯೇ ಇತ್ತು. ಹದಿನೆಂಟು ತಿಂಗಳಿಗೆ 84.0, ನಡುಗೆರೆ 82.3. ಈಗ 85.0, ನಡುಗೆರೆ 87.1. ಮೂರು ಚುಕ್ಕೆಗಳನ್ನು ಸೇರಿಸಿದರೆ ಗೆರೆ ಗುಡಿಸಲಿನ ಮಾಡಿನ ಹಾಗೆ ಏರಿ ಇಳಿಯುತ್ತಿತ್ತು. ಮೊದಲ ಆರು ತಿಂಗಳಲ್ಲಿ ಎಂಟೂವರೆ ಸೆಂಟಿಮೀಟರ್, ಮುಂದಿನ ಆರು ತಿಂಗಳಲ್ಲಿ ಒಂದು. ನಡುಗೆರೆಯ ಮಗು ಆ ಮೊದಲ ಆರು ತಿಂಗಳಲ್ಲಿ ಬೆಳೆಯುವುದೇ ಆರೂವರೆಯಷ್ಟು. ಕಾಯಿಲೆಯ ಗೆರೆ ಸಾಮಾನ್ಯವಾಗಿ ಹೀಗಿರುವುದಿಲ್ಲ. ಅದು ಜಾರುತ್ತದೆ, ಹಾರಿ ಬೀಳುವುದಿಲ್ಲ.

ಪಕ್ಕದ ತೂಕದ ಹಾಳೆಯನ್ನು ನೋಡಿದೆ. ಅಲ್ಲಿ 9.4, 10.7, 11.9 ಕಿಲೋ. ಮೂರೂ ಚುಕ್ಕೆಗಳು ನಡುಗೆರೆಗೆ ಸ್ವಲ್ಪ ಕೆಳಗೆ, ಅದಕ್ಕೆ ಸಮಾನಾಂತರವಾಗಿ, ಶಿಸ್ತಿನ ಹುಡುಗರಂತೆ ಸಾಗಿದ್ದವು. ಬೆಳವಣಿಗೆ ಕುಂಠಿತವಾದ ಮಗುವಿನಲ್ಲಿ ಬಹಳಷ್ಟು ಸಲ ಮೊದಲು ಸೋಲುವುದು ತೂಕ, ಉದ್ದ ಸೋಲುವುದು ಆಮೇಲೆ. ತೂಕ ಅಲುಗಾಡದೆ ಉದ್ದ ಮಾತ್ರ ನಿಂತುಹೋದರೆ ಹಾರ್ಮೋನಿನ ತೊಂದರೆಯನ್ನು ನೆನೆಯಬೇಕಾಗುತ್ತದೆ. ಆದರೆ ಅದೂ ಮಗುವನ್ನು ಮೊದಲು ಹಾರಿಸಿ ಆಮೇಲೆ ನಿಲ್ಲಿಸುವುದಿಲ್ಲ.

ಅಷ್ಟು ಹೊತ್ತಿಗೆ ನನಗೆ ಹದಿನೆಂಟನೇ ತಿಂಗಳ ದಿನ ನೆನಪಾಯಿತು. ಆ ವಾರ ನಮ್ಮ ಅಳತೆ ಹಲಗೆಯ ಜಾರುಪಟ್ಟಿ ಮುರಿದು ದುರಸ್ತಿಗೆ ಹೋಗಿತ್ತು. ಈ ಹುಡುಗನನ್ನು ಪರೀಕ್ಷೆಯ ಮಂಚದ ಮೇಲೆ ಮಲಗಿಸಿ, ತಲೆಯ ಬಳಿ ಒಂದು ಗೀಟು, ಹಿಮ್ಮಡಿಯ ಬಳಿ ಒಂದು ಗೀಟು ಎಳೆದು, ನಡುವೆ ಟೇಪು ಹಿಡಿದು ಅಳೆದವನು ನಾನೇ. ಆ ವಯಸ್ಸಿನ ಮಗುವನ್ನು ಮಲಗಿಸಿದರೆ ಅದು ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುತ್ತದೆ, ಕಾಲ್ಬೆರಳು ಚಾಚುತ್ತದೆ, ಗೀಟು ಎಳೆಯುವ ಕ್ಷಣದಲ್ಲಿ ಕೆಳಕ್ಕೆ ಸರಿಯುತ್ತದೆ. ಎರಡು ಸೆಂಟಿಮೀಟರ್ ತಪ್ಪಾಗಲು ಯಾರೂ ಅಸಡ್ಡೆ ಮಾಡಬೇಕಿಲ್ಲ. ಮಂಚದ ಮೇಲೆ ಮಗುವಿದ್ದರೆ ಸಾಕು.

ಎರಡು ಸೆಂಟಿಮೀಟರ್ ಏನು ಮಹಾ ಎನ್ನಿಸಬಹುದು. ಆದರೆ ಹದಿನೆಂಟು ತಿಂಗಳ ವಯಸ್ಸಿನಲ್ಲಿ ಹದಿನೈದರ ಗೆರೆಗೂ ಐವತ್ತರ ಗೆರೆಗೂ ನಡುವೆ ಇರುವ ಜಾಗ ಮೂರು ಸೆಂಟಿಮೀಟರಿಗಿಂತ ಕಡಿಮೆ. ಟೇಪಿನಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಚಾರ್ಟಿನಲ್ಲಿ ಹತ್ತಾರು ಮಕ್ಕಳನ್ನು ಹಿಂದಿಕ್ಕಿದಂತೆ. ವಯಸ್ಸಿನ ಲೆಕ್ಕವೂ ಇಷ್ಟೇ ಸೂಕ್ಷ್ಮ. ಈ ವಯಸ್ಸಿನಲ್ಲಿ ಮಗು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಚುಕ್ಕೆಯನ್ನು ಒಂದು ಮನೆ ಪಕ್ಕಕ್ಕೆ ಇಟ್ಟರೂ ಅಷ್ಟೇ ತಪ್ಪಾಗುತ್ತದೆ. ಅದಕ್ಕೇ ನಾನು ಪ್ರತಿ ಸಲ ಹುಟ್ಟಿದ ತಾರೀಖಿನಿಂದಲೇ ಎಣಿಸುತ್ತೇನೆ, "ಒಂದೂವರೆ ವರ್ಷ ಆಯಿತು" ಎಂಬ ಮಾತಿನ ಮೇಲೆ ಚುಕ್ಕೆ ಇಡುವುದಿಲ್ಲ.

ಇನ್ನೊಂದು ಬದಲಾವಣೆಯೂ ಈ ಮಗುವಿನ ಕಾರ್ಡಿನಲ್ಲಿ ಸೇರಿಕೊಂಡಿತ್ತು. ಎರಡು ವರ್ಷದವರೆಗೆ ನಾವು ಮಲಗಿಸಿ ಉದ್ದ ಅಳೆಯುತ್ತೇವೆ, ಆಮೇಲೆ ನಿಲ್ಲಿಸಿ ಎತ್ತರ ಅಳೆಯುತ್ತೇವೆ. ನಿಂತಾಗ ದೇಹದ ಭಾರ ಬೆನ್ನುಮೂಳೆಯ ಮೇಲೆ ಬಿದ್ದು ಅದು ಕೊಂಚ ಕುಗ್ಗುತ್ತದೆ. ಅದೇ ಮಗು ಅದೇ ದಿನ ನಿಂತಾಗ ಸರಾಸರಿ 0.7 ಸೆಂಟಿಮೀಟರ್ ಕಡಿಮೆ ತೋರುತ್ತದೆ. ಚಾರ್ಟಿನಲ್ಲಿ ಇದಕ್ಕೆ ಜಾಗ ಬಿಟ್ಟಿದ್ದಾರೆ: ಎರಡು ವರ್ಷದ ಗಂಡು ಮಗುವಿಗೆ ಮಲಗಿದ ನಡುಗೆರೆ 87.8, ನಿಂತ ನಡುಗೆರೆ 87.1. ಅಂದರೆ ಗೆರೆಗಳೇ ಅಲ್ಲಿ ಒಂದು ಮೆಟ್ಟಿಲು ಇಳಿಯುತ್ತವೆ. ಹಿಂದಿನ ಅಳತೆಯನ್ನು ಈಗಿನದರಿಂದ ನೇರವಾಗಿ ಕಳೆದು "ಒಂದೇ ಸೆಂಟಿಮೀಟರ್" ಎಂದರೆ ಮಗುವಿಗೆ ಆ ಮುಕ್ಕಾಲು ಸೆಂಟಿಮೀಟರ್ ಅನ್ಯಾಯವಾಗುತ್ತದೆ. ಎರಡು ವರ್ಷ ತುಂಬಿದ ಮಗು ನಿಲ್ಲಲು ಒಪ್ಪದೆ ಮಲಗಿಸಿಯೇ ಅಳೆದರೆ 0.7 ಕಳೆಯಬೇಕು, ಎರಡು ತುಂಬದ ಮಗುವನ್ನು ನಿಲ್ಲಿಸಿ ಅಳೆದಿದ್ದರೆ 0.7 ಕೂಡಿಸಬೇಕು.

ಹುಡುಗನನ್ನು ಮತ್ತೆ ಅಳೆಯೋಣ ಎಂದೆ. ಒಬ್ಬರಿಂದ ಆಗುವ ಕೆಲಸವಲ್ಲ ಅದು. ನರ್ಸ್ ನೆಲದ ಮೇಲೆ ಮಂಡಿಯೂರಿ ಹುಡುಗನ ಮೊಣಕಾಲುಗಳನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ ಹಿಡಿದರು. ಹಿಮ್ಮಡಿ, ಪೃಷ್ಠ, ಹೆಗಲು, ತಲೆಯ ಹಿಂಭಾಗ ಹಲಗೆಗೆ ತಾಗಿದವು. ನಾನು ಅವನ ಗಲ್ಲವನ್ನು ಬೆರಳುಗಳ ನಡುವೆ ಹಿಡಿದು, ನೋಟ ನೇರ ಮುಂದಕ್ಕೆ ಇರುವಂತೆ ಮಾಡಿ, ಮೇಲಿನ ಪಟ್ಟಿಯನ್ನು ಕೂದಲು ಒತ್ತುವಂತೆ ಇಳಿಸಿದೆ. 86.2. ಅವನನ್ನು ಹಲಗೆಯಿಂದ ಇಳಿಸಿ, ಒಂದು ಸುತ್ತು ಓಡಲು ಬಿಟ್ಟು, ಮತ್ತೆ ನಿಲ್ಲಿಸಿದೆ. 86.2. ಬೆಳಗಿನ 85.0 ಎಲ್ಲಿಂದ ಬಂತು ಎಂದು ನರ್ಸ್ ತಾವೇ ಹೇಳಿದರು: "ಅಳುತ್ತಾ ಕುಕ್ಕರಿಸುತ್ತಿದ್ದ ಸರ್, ಮೊಣಕಾಲು ಬಗ್ಗಿಯೇ ಇತ್ತು."

ಈಗ ಹದಿನೆಂಟನೇ ತಿಂಗಳನ್ನು ಬದಿಗಿಟ್ಟು ಲೆಕ್ಕ ಹಾಕಿದೆವು. 86.2ಕ್ಕೆ 0.7 ಕೂಡಿಸಿದರೆ ಮಲಗಿದ ಉದ್ದ 86.9. ಒಂದು ವರ್ಷದ 75.5ನ್ನು ಕಳೆದರೆ ಹನ್ನೆರಡು ತಿಂಗಳಲ್ಲಿ 11.4 ಸೆಂಟಿಮೀಟರ್. ನಡುಗೆರೆಯ ಮಗು ಅದೇ ವರ್ಷದಲ್ಲಿ ಬೆಳೆಯುವುದು 12.1. ಹುಡುಗ ಐವತ್ತಕ್ಕೆ ಸ್ವಲ್ಪ ಕೆಳಗೆ, ತನ್ನ ತೂಕದ ಗೆರೆ ಇದ್ದಲ್ಲೇ ಇದ್ದ. ರಕ್ತ ಪರೀಕ್ಷೆ ಬರೆಯಲಿಲ್ಲ. ಆರು ತಿಂಗಳ ನಂತರ ಬನ್ನಿ ಎಂದೆ.

ತಪ್ಪು ಅಳತೆ ಇಲ್ಲದ ಭಯ ಹುಟ್ಟಿಸಿದ ಕಥೆ ಇದು. ಇದರ ತಿರುಗುಮುರುಗಾದದ್ದು ನನಗೆ ಹೆಚ್ಚು ಮುಜುಗರದ್ದು, ಅದನ್ನೂ ಹೇಳಲೇಬೇಕು. ವೃತ್ತಿಯ ಆರಂಭದ ದಿನಗಳಲ್ಲಿ ಹದಿನೈದು ತಿಂಗಳ ಹೆಣ್ಣು ಮಗುವೊಂದನ್ನು ನೋಡಿದ್ದೆ. ತೂಕ ಎಂಟೂವರೆ ಕಿಲೋ. ಚುಕ್ಕೆ ಸರಿಯಾಗಿ ಹದಿನೈದರ ಗೆರೆಯ ಮೇಲೆ ಬಿತ್ತು. "ಗೆರೆಗಳ ಒಳಗೇ ಇದ್ದಾಳೆ, ಚಿಂತೆಯಿಲ್ಲ" ಎಂದೆ. ಹಿಂದಿನ ಚುಕ್ಕೆಗಳ ಮೇಲೆ ಕಣ್ಣಾಡಿಸಿದ್ದರೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಒಂಬತ್ತು ತಿಂಗಳಿಗೆ ಅವಳು 8.2, ನಡುಗೆರೆಯ ಮೇಲೆಯೇ. ಒಂದು ವರ್ಷಕ್ಕೆ 8.3. ಈಗ 8.5. ಆರು ತಿಂಗಳಲ್ಲಿ ಮುನ್ನೂರು ಗ್ರಾಂ! ನಡುಗೆರೆ ಅದೇ ಅವಧಿಯಲ್ಲಿ 1.4 ಕಿಲೋ ಏರಿತ್ತು. ಉದ್ದ ಮಾತ್ರ ಆಗಿನ್ನೂ ಐವತ್ತರ ಹತ್ತಿರವೇ ಇತ್ತು. ಅಂದರೆ ತೂಕ ಸೋತಿತ್ತು, ಉದ್ದ ಸೋಲುವ ಸರದಿ ಬಂದಿರಲಿಲ್ಲ.

ಮೂರು ವಾರದ ನಂತರ ಅಜ್ಜಿ ಅವಳನ್ನು ಮತ್ತೆ ಕರೆತಂದರು. "ನೀವು ಸರಿಯಿದೆ ಎಂದಿರಿ, ಎತ್ತಿಕೊಂಡರೆ ನನ್ನ ಕೈಗೆ ಹಗುರವೇ ಅನ್ನಿಸುತ್ತದೆ" ಎಂದರು. ಆಗ ಹಾಳೆಯನ್ನು ಮೊದಲಿನಿಂದ ನೋಡಿದೆ. ಮೂರು ಚುಕ್ಕೆಗಳ ನಡುವೆ ಏರಿಳಿತವಿಲ್ಲ, ಗುಡಿಸಲಿನ ಮಾಡಿಲ್ಲ. ಒಂದೇ ದಿಕ್ಕಿಗೆ ಚಪ್ಪಟೆಯಾಗಿ ಸಾಗಿದ ಗೆರೆ, ಮೂರೂ ಸಲ ಅದೇ ತಕ್ಕಡಿ, ಬಟ್ಟೆ ಕಳಚಿ ತೂಗಿದ್ದು. ಇಂಥ ಗೆರೆ ಅಳತೆಯ ತಪ್ಪಿನಿಂದ ಮೂಡುವುದು ಕಷ್ಟ, ಏಕೆಂದರೆ ತಪ್ಪುಗಳು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಎಳೆಯುತ್ತವೆ. ಮೂತ್ರ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು. ಕೇಳಿದಾಗ, ನಡುವೆ ಬಂದು ಹೋಗುತ್ತಿದ್ದ ಸಣ್ಣ ಜ್ವರಗಳನ್ನೆಲ್ಲ ಮನೆಯವರು ಹಲ್ಲು ಬರುವ ಲೆಕ್ಕಕ್ಕೆ ಹಾಕಿದ್ದರು. ಚಿಕಿತ್ಸೆಯಾದ ಮೇಲೆ ತೂಕ ಮೆಲ್ಲಗೆ ಏರತೊಡಗಿ, ಹದಿನೆಂಟು ತಿಂಗಳಿಗೆ 9.8 ಮುಟ್ಟಿತು, ಆ ವಯಸ್ಸಿನ ನಡುಗೆರೆ 10.2.

ಆ ಮಗುವಿನ ನಂತರ ಗೆರೆಗಳ ಒಳಗೆ, ಹೊರಗೆ ಎಂಬ ಮಾತನ್ನೇ ಬಿಟ್ಟೆ. ಮೂರರ ಗೆರೆಯ ಮೇಲೆ ಹುಟ್ಟಿನಿಂದಲೂ ಸಮಾನಾಂತರವಾಗಿ ಸಾಗುತ್ತಿರುವ, ಗಿಡ್ಡ ತಂದೆತಾಯಿಯ, ಲವಲವಿಕೆಯ ಮಗು ನನಗೆ ಚಿಂತೆ ತರುವುದಿಲ್ಲ. ಐವತ್ತರಿಂದ ಹದಿನೈದಕ್ಕೆ ಜಾರಿದ ಮಗು ತರುತ್ತದೆ. ಆದರೆ ಇದಕ್ಕೂ ಒಂದು ಮಿತಿಯಿದೆ. ಮೊದಲ ಒಂದೂವರೆ, ಎರಡು ವರ್ಷಗಳಲ್ಲಿ ಅನೇಕ ಆರೋಗ್ಯವಂತ ಮಕ್ಕಳು ಹುಟ್ಟಿದಾಗಿನ ಗೆರೆ ಬಿಟ್ಟು ತಂದೆತಾಯಿಯ ಮೈಕಟ್ಟಿಗೆ ಹೊಂದುವ ಗೆರೆಗೆ ನಿಧಾನವಾಗಿ ಸರಿಯುತ್ತಾರೆ. ಅಲ್ಲಿ ತೂಕವೂ ಉದ್ದವೂ ಒಟ್ಟಿಗೆ ಸರಿಯುತ್ತವೆ, ಹೊಸ ಗೆರೆ ಸಿಕ್ಕಿದ ಮೇಲೆ ನಿಲ್ಲುತ್ತವೆ. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಎಷ್ಟು ವಾರ ಮೊದಲು ಎಂಬುದನ್ನು ಎರಡು ವರ್ಷದವರೆಗೆ ವಯಸ್ಸಿನಿಂದ ಕಳೆದೇ ಚುಕ್ಕೆ ಇಡುತ್ತೇನೆ. ಇಲ್ಲದಿದ್ದರೆ ಇಲ್ಲದ ಕುಸಿತ ಕಾಣುತ್ತದೆ.

ಈಗ ಪ್ರತಿ ಚುಕ್ಕೆಯ ಪಕ್ಕದಲ್ಲಿ ಪುಟ್ಟದಾಗಿ "ಮ" ಅಥವಾ "ನಿ" ಎಂದು ಬರೆಯುತ್ತೇನೆ, ಮಲಗಿಸಿ ಅಳೆದದ್ದೋ ನಿಲ್ಲಿಸಿ ಅಳೆದದ್ದೋ ತಿಳಿಯಲಿ ಎಂದು. ಹಿಂದಿನ ಗೆರೆಗೆ ಹೊಂದದ ಅಳತೆ ಬಂದರೆ ಚುಕ್ಕೆ ಇಡುವ ಮೊದಲೇ ಇನ್ನೊಮ್ಮೆ ಅಳೆಯುತ್ತೇವೆ. ಹಳೆಯ ತಪ್ಪು ಚುಕ್ಕೆಯನ್ನು ಮಾತ್ರ ಅಳಿಸುವುದಿಲ್ಲ. ಆ ಹುಡುಗನ ಕಾರ್ಡಿನಲ್ಲಿ ಹದಿನೆಂಟನೇ ತಿಂಗಳ 84.0 ಇನ್ನೂ ಹಾಗೆಯೇ ಇದೆ, ಸುತ್ತ ಒಂದು ವೃತ್ತ, ಪಕ್ಕದಲ್ಲಿ "ಮಂಚದ ಮೇಲೆ ಟೇಪಿನಿಂದ" ಎಂಬ ಟಿಪ್ಪಣಿಯೊಂದಿಗೆ. ಎರಡೂವರೆ ವರ್ಷಕ್ಕೆ ಅವನು ಬಂದಾಗ ನಿಂತ ಎತ್ತರ 91.2 ಇತ್ತು, ನಡುಗೆರೆ 91.9. ತಾಯಿ ಕಾರ್ಡನ್ನು ತಿರುಗಿಸಿ ತಾವೇ ಮೊದಲು ನೋಡಿದರು, ಆಮೇಲೆ ನನ್ನ ಕೈಗೆ ಕೊಟ್ಟರು.