ಅಳತೆ ಹಾಕಿ ಬರೆದ ಪತ್ರಕ್ಕೆ ಡಿಸೈನರ್ ಓಪನ್ ಫೈಲ್ ಕಳ್ಸಿದ್ರು (ನನ್ನ ಅನುಭವ)

ಡಿಸೈನರ್‌ಗಳು ಓಪನ್ ಫೈಲ್, ಅಂದ್ರೆ ಅವ್ರು ಕೆಲಸ ಮಾಡಿದ ಒರಿಜಿನಲ್ ಫೈಲ್, ಕೊಡೋದೇ ಇಲ್ಲ, ಸುಮ್ನೆ ಹೊಸದಾಗಿ ಡಿಸೈನ್ ಮಾಡಿಸ್ಕೊಳ್ಳಿ ಅಂತ ನಮ್ಮ ಚಿಕ್ಕಮಗಳೂರಿನ ಎಂ.ಜಿ. ರೋಡ್ ಅಕ್ಕಪಕ್ಕದ ಅಂಗಡಿಯವ್ರೆಲ್ಲ ಹೇಳಿದ್ರು, ಫ್ಲೆಕ್ಸ್ ಪ್ರಿಂಟಿಂಗ್‌ನವರಂತೂ ನಕ್ಕೇಬಿಟ್ರು. ಈಗ ನೋಡಿ, ನಮ್ಮ ಕಾಫಿಪುಡಿ ಅಂಗಡಿ ಬ್ಯಾನರನ್ನ ರಸ್ತೆ ಆ ಕಡೆಯಿಂದ ಓದಬಹುದು, ಹತ್ರ ಬಂದು ಮೂಗು ತಾಗಿಸಿ ನೋಡಿದ್ರೂ ಅಕ್ಷರದ ಅಂಚು ಬ್ಲೇಡಲ್ಲಿ ಕೊಯ್ದ ಹಾಗಿದೆ. ನಕ್ಕಿದ್ದವರೇ ಡಿಸೈನರ್‌ಗೆ ಬರೆದ ಆ ಪತ್ರ ಫಾರ್ವರ್ಡ್ ಮಾಡಿ ಸ್ವಾಮಿ ಅಂತ ಕೇಳ್ತಿದ್ದಾರೆ, ಅದಕ್ಕೇ ಬರೀತಿದೀನಿ.

ನಮ್ಮ ಬ್ಯಾನರ್ 12 ಅಡಿ ಉದ್ದ, 4 ಅಡಿ ಎತ್ತರ. ಚದರಡಿಗೆ ಹತ್ತು ಹನ್ನೆರಡು ರೂಪಾಯಿ ಲೆಕ್ಕದಲ್ಲಿ ಪ್ರಿಂಟಿಗೇ ಐನೂರು ಚಿಲ್ಲರೆ, ಕಟ್ಟೋ ಹುಡುಗರಿಗೆ ಮತ್ತೆ ಮುನ್ನೂರು. ಪ್ರಿಂಟಿಂಗ್‌ನವರು "ಡಿಸೈನರ್ ವಾಟ್ಸಾಪಲ್ಲಿ ಕಳ್ಸಿರೋದನ್ನೇ ಹಾಕಿ ಸಾರ್, ಸಾಕು" ಅಂದ್ರು, ಹಾಕ್ದೆ. ಬಂದಿದ್ದು ನೋಡಿದ್ರೆ ಮಂಜು ಕವಿದ ಮುಳ್ಳಯ್ಯನಗಿರಿ. ಲೆಕ್ಕ ಸಿಂಪಲ್: ವಾಟ್ಸಾಪಲ್ಲಿ ಎಚ್‌ಡಿ ಒತ್ತದೆ ಮಾಮೂಲಿ ಫೋಟೋ ಥರ ಕಳ್ಸಿದ್ರೆ ಅಗಲ ಸುಮಾರು 1600 ಪಿಕ್ಸೆಲ್‌ಗೆ ಇಳ್ದಿರತ್ತೆ, 12 ಅಡಿ ಅಂದ್ರೆ 144 ಇಂಚು, ಭಾಗಿಸಿ, ಇಂಚಿಗೆ ಹನ್ನೊಂದೇ ಚುಕ್ಕೆ. ಒಂದೊಂದು ಚುಕ್ಕೆ ಎರಡು ಮಿಲಿಮೀಟರ್‌ಗಿಂತ ದಪ್ಪ. ದೂರದಿಂದ ನೋಡೋ ಫ್ಲೆಕ್ಸ್‌ಗೆ ಇಂಚಿಗೆ 72 ಇದ್ರೆ ನಡೆಯತ್ತೆ, ಅಂದ್ರೆ ನಂಗೆ ಬೇಕಿದ್ದಿದ್ದು ಹತ್ರತ್ರ ಹತ್ತು ಸಾವಿರ ಪಿಕ್ಸೆಲ್ ಅಗಲ.

ಆಮೇಲೆ ಡಿಸೈನರ್‌ಗೆ ಫೋನ್ ಮಾಡಿ "ಹೈ ರೆಸಲ್ಯೂಶನ್ ಕಳ್ಸಿ" ಅಂದ್ರೆ ಸಂಜೆಗೇ ಬಂತು, ಪ್ರಾಪರ್ಟೀಸಲ್ಲಿ 300 ಡಿಪಿಐ, ಅಂದ್ರೆ ಇಂಚಿಗೆ 300 ಚುಕ್ಕೆ, ಅಂತಾನೂ ಇತ್ತು, ಖುಷಿಯಾಗಿ ಪ್ರಿಂಟಿಗೆ ಕೊಟ್ರೆ ಅದೇ ಮಸುಕು. ಹಳೇ ಜೆಪಿಜಿಗೇ 300 ಅಂತ ನಂಬರ್ ಬದಲಾಯಿಸಿ ಸೇವ್ ಮಾಡಿದ್ದು! ಪಿಕ್ಸೆಲ್ ಅದೇ 1600, 300 ಡಿಪಿಐಗೆ ಅದು ಐದೂಕಾಲು ಇಂಚಿನ ಸ್ಟಿಕ್ಕರ್‌ಗೆ ಸರಿ ಅಷ್ಟೆ. ಡಿಪಿಐ ಏನಂತಿದೆ ಅಂತ ನೋಡ್ಲೇಬೇಡಿ, ಪಿಕ್ಸೆಲ್ ಅಗಲ ನೋಡಿ, ಬ್ಯಾನರ್ ಇಂಚಿಂದ ಭಾಗಿಸಿ.

ಅಷ್ಟಾದ್ಮೇಲೆ ಪ್ರಿಂಟಿಂಗ್‌ನವರು ನಾನೇ ಕೋರಲ್ ಅನ್ನೋ ಡಿಸೈನ್ ಸಾಫ್ಟ್‌ವೇರಲ್ಲಿ ಟ್ರೇಸ್ ಮಾಡಿ, ಅಂದ್ರೆ ಚಿತ್ರದ ಅಂಚನ್ನ ಗೆರೆ ಮಾಡಿ ಕೊಡ್ತೀನಿ ಅಂತ ನಾನೂರು ತಗೊಂಡ್ರು. ಅಂಚೇನೋ ಶಾರ್ಪ್ ಬಂತು, ಆದ್ರೆ ಲೋಗೋದಲ್ಲಿರೋ ಕಾಫಿ ಬೀಜದ ನಡುಗೆರೆ ಗರಗಸದ ಥರ ಆಯ್ತು, "ಚಿಕ್ಕಮಗಳೂರು" ಅನ್ನೋದ್ರಲ್ಲಿ ಕ ಒತ್ತು ಮೇಲಿನ ಅಕ್ಷರಕ್ಕೆ ಅಂಟ್ಕೊಂಡು ಉಂಡೆ. ಮಸುಕು ಚಿತ್ರಾನ ಟ್ರೇಸ್ ಮಾಡಿದ್ರೆ ಕಂಪ್ಯೂಟರ್ ಮಸುಕಿನ ಅಂಚನ್ನೇ ಗೆರೆ ಅಂತ ತಗೊಳತ್ತೆ, ಕನ್ನಡ ಒತ್ತಕ್ಷರದಲ್ಲಂತೂ ಒಳಗಿನ ಸಣ್ಣ ಸಂದುಗಳೆಲ್ಲ ಮುಚ್ಚೋಗತ್ತೆ. ಅಲ್ಲಿಗೆ ಎರಡು ಎರಡೂವರೆ ಸಾವಿರ ಹೋಗಿತ್ತು, ಮನೇಲಿ ಬೈಗುಳ ಬೇರೆ.

ಅವತ್ತು ರಾತ್ರಿ ಬಾಗಿಲು ಹಾಕಿದ್ಮೇಲೆ ಕೂತು ಇದನ್ನ ಬರೆದೆ:

"ನಮಸ್ಕಾರ ಸರ್, ನಿಮ್ಮಿಂದ ಲೋಗೋ, ಬ್ಯಾನರ್ ಮಾಡಿಸಿದ ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯವನು. ಡಿಸೈನಲ್ಲಿ ಒಂದು ಗೆರೆಯೂ ಬದಲಾಗಬೇಕಿಲ್ಲ, ನೀವು ಮಾಡಿದ್ದೇ ಬೇಕು. ಬ್ಯಾನರ್ 12 ಅಡಿ x 4 ಅಡಿ. ನನ್ನ ಹತ್ರ ಇರೋದು 1600 ಪಿಕ್ಸೆಲ್ ಜೆಪಿಜಿ, ಇಂಚಿಗೆ 11 ಚುಕ್ಕೆ ಬರುತ್ತೆ. ಕಟ್ಟಿರೋ ಬ್ಯಾನರ್ ಫೋಟೋ ಜೊತೆಗಿದೆ, ದಯವಿಟ್ಟು ನೋಡಿ.

ನೀವು ಕೆಲಸ ಮಾಡಿದ ಕೋರಲ್ ಫೈಲಿಂದ ಒಂದು ಪಿಡಿಎಫ್ ಬೇಕು, ಅಕ್ಷರಗಳನ್ನೆಲ್ಲ ಕರ್ವ್ಸ್ ಮಾಡಿ (Ctrl+Q), ಲೋಗೋ ಚಿತ್ರವಾಗಿ ಅಂಟಿಸಿದ್ದು ಬೇಡ, ಗೆರೆಯಾಗೇ ಇರಲಿ. ಅದರದ್ದೇ ಸಿಡಿಆರ್ ಕೂಡ, ಇಲ್ಲಿನ ಪ್ರಿಂಟಿಂಗ್‌ನಲ್ಲಿ ಹಳೇ ಕೋರಲ್ ಇದೆ, ಹಳೇ ವರ್ಷನ್‌ನಲ್ಲಿ ಸೇವ್ ಮಾಡಿ. ಬಲಗಡೆ ಇರೋ ಲೋಟದ ಫೋಟೋದ ಒರಿಜಿನಲ್ ಬೇರೆಯಾಗಿ ಕೊಡಿ. ಸುತ್ತ ಎರಡಿಂಚು ಹಿನ್ನೆಲೆ ಬಣ್ಣ ಜಾಸ್ತಿ ಬಿಡಿ, ಮಡಚಿ ರಿಂಗ್ ಹೊಡೀತಾರೆ. ವಾಟ್ಸಾಪ್ ಫೋಟೋ ಬೇಡ, ಡ್ರೈವ್ ಲಿಂಕ್ ಕಳಿಸಿ.

ಹಳೇ ಫೈಲ್ ಹುಡುಕಿ ತೆಗೆಯೋ ನಿಮ್ಮ ಸಮಯಕ್ಕೆ 500 ರೂಪಾಯಿ ಕೊಡ್ತೀನಿ. ಈ ಫೈಲ್ ಬೇರೆ ಡಿಸೈನರ್ ಕೈಗೆ ಹೋಗಲ್ಲ, ಪ್ರಿಂಟಿಗೆ ಮಾತ್ರ. ಮುಂದೆ ಏನಾದ್ರೂ ಬದಲಾವಣೆ ಇದ್ರೆ ನಿಮ್ಮ ಹತ್ರಾನೇ ಬರ್ತೀನಿ."

ಇದರ ಕೆಳಗೆ ಇನ್ನೊಂದು ಸಾಲಿತ್ತು, ಅದನ್ನ ಇಲ್ಲಿ ಹಾಕಲ್ಲ, ಅಷ್ಟಾದ್ರೂ ನನ್ನ ಹತ್ರ ಇರ್ಲಿ. ಆದ್ರೆ ಕೆಲಸ ಮಾಡಿದ್ದು ಮುಖ್ಯವಾಗಿ ಎರಡು ಅಂತ ನನ್ನ ಅಭಿಪ್ರಾಯ. ಅವ್ರ ಭಯ ಏನಂದ್ರೆ ಫೈಲ್ ಕೊಟ್ರೆ ಗಿರಾಕಿ ಕೈತಪ್ಪತ್ತೆ ಅಂತ, ಅದಕ್ಕೆ ಕೇಳೋ ಮುಂಚೆನೇ ಉತ್ತರ ಕೊಟ್ಟೆ. ಹಕ್ಕು ಯಾರ್ದು, ದುಡ್ಡು ಕೊಟ್ಟಿಲ್ವಾ ಅನ್ನೋ ಜಗಳ ತೆಗೀಲೇ ಇಲ್ಲ. ಇನ್ನೊಂದು ಅಳತೆ. "ಕ್ಲಿಯರಾಗಿರೋದು ಕಳ್ಸಿ" ಅಂದ್ರೆ ಅವ್ರ ಸ್ಕ್ರೀನಲ್ಲಿ ಎಲ್ಲಾ ಕ್ಲಿಯರಾಗೇ ಕಾಣತ್ತೆ ಕಣ್ರೀ, 12 ಅಡಿ ಅಂತ ಬರೆದಾಗ್ಲೇ ಅವ್ರಿಗೆ ವಿಷಯ ಹೊಕ್ಕಿದ್ದು.

ಎರಡು ಮೂರು ದಿನದಲ್ಲಿ ಲಿಂಕ್ ಬಂತು. ಸಿಡಿಆರ್, ಅಂದ್ರೆ ಕೋರಲ್ ಫೈಲ್, ಓಪನ್ ಆಯ್ತು ಆದ್ರೆ ಒಂದು ಸಾಲು ಕರ್ವ್ಸ್ ಮಾಡೋದು, ಅಂದ್ರೆ ಅಕ್ಷರಾನ ಫಾಂಟ್ ಬೇಡದ ಗೆರೆ ಮಾಡೋದು, ಬಿಟ್ಟೋಗಿತ್ತು, ಪ್ರಿಂಟಿಂಗ್‌ನವರ ಕಂಪ್ಯೂಟರಲ್ಲಿ ಆ ನುಡಿ ಫಾಂಟ್ ಇಲ್ದೆ "ಕಾಫಿ" ಇರೋ ಜಾಗದಲ್ಲಿ `PÁ¦ü` ಅಂತ ಕೂತಿತ್ತು. ಅದಕ್ಕೇ ಪಿಡಿಎಫ್ ಕೇಳಿದ್ದು, ಅದರಲ್ಲಿ ಎಲ್ಲಾ ಸರಿ ಇತ್ತು. ಪಿಡಿಎಫ್ ಅಂದ ತಕ್ಷಣ ನಂಬ್ಬೇಡಿ, ಜೆಪಿಜಿನೇ ಒಳಗಿಟ್ಟು ಪಿಡಿಎಫ್ ಮಾಡೋರಿದ್ದಾರೆ. ಕಂಪ್ಯೂಟರಲ್ಲಿ ತೆಗೆದು 6400 ಪರ್ಸೆಂಟ್ ತನಕ ಝೂಮ್ ಮಾಡಿ, ಅಕ್ಷರದ ಅಂಚು ನುಣ್ಣಗೇ ಇದ್ರೆ ಗೆರೆ ಫೈಲ್, ಚೌಕ ಚೌಕ ಕಂಡ್ರೆ ವಾಪಸ್ ಕಳ್ಸಿ.

ಫೋಟೋ ಮಾತ್ರ ಬೇರೆ ಕಥೆ, ಅದನ್ನ ಗೆರೆ ಮಾಡಕ್ಕಾಗಲ್ಲ. ಅವ್ರ ಹತ್ರ ಇದ್ದ ಲೋಟದ ಫೋಟೋ ನೆಟ್ಟಿಂದ ಇಳಿಸಿದ ಚಿಕ್ಕದು. ಸಾಫ್ಟ್‌ವೇರಲ್ಲಿ ದೊಡ್ಡದು ಮಾಡಿ ನೋಡ್ದೆ, ನೊರೆ ಮೇಣದ ಥರ ಆಯ್ತು. ಕೊನೆಗೆ ನಮ್ಮ ಹಿತ್ತಾಳೆ ಲೋಟ ಡಬರಾನೇ ಬೆಳಗ್ಗೆ ಬಿಸಿಲಲ್ಲಿಟ್ಟು ಫೋನಲ್ಲೇ ತೆಗೆದೆ, 12 ಮೆಗಾಪಿಕ್ಸೆಲ್ ಅಂದ್ರೆ 4000 ಪಿಕ್ಸೆಲ್ ಅಗಲ, ಬ್ಯಾನರಲ್ಲಿ ಅದಕ್ಕಿರೋ ಜಾಗ 4 ಅಡಿ, ಇಂಚಿಗೆ 83 ಬಂತು, ಧಾರಾಳ. ಡಿಸೈನರ್ ಅದನ್ನ ಕೂರಿಸಿಕೊಟ್ರು, ಅದಕ್ಕೆ ದುಡ್ಡು ತಗೊಳ್ಳಿಲ್ಲ.

ಇಡೀ ಬ್ಯಾನರ್ ಪ್ರಿಂಟ್ ಮಾಡಿಸೋ ಮುಂಚೆ ಒಂದಡಿ ತುಂಡು, ನಿಜವಾದ ಸೈಜಲ್ಲೇ, ಬೇರೆ ಯಾರದ್ದೋ ಫ್ಲೆಕ್ಸ್ ಅಂಚಲ್ಲಿ ಉಳಿದ ಜಾಗದಲ್ಲಿ ಹೊಡೆಸಿ ನೋಡ್ದೆ, ಟೀ ಕುಡಿಸಿದ್ದಷ್ಟೇ ಖರ್ಚು. ಒಳ್ಳೇದಾಯ್ತು, ಸ್ಕ್ರೀನಲ್ಲಿ ಕಾಫಿ ಬಣ್ಣ ಇದ್ದಿದ್ದು ಪ್ರಿಂಟಲ್ಲಿ ಇಟ್ಟಿಗೆ ಕೆಂಪು. ಅದನ್ನ ಸರಿ ಮಾಡಿದ ಇಂಕ್ ಪರ್ಸೆಂಟೇಜ್ ಹೇಳಲ್ಲ, ಅದಕ್ಕೆ ತುಂಬಾ ತಲೆ ಕೆಡಿಸ್ಕೊಂಡಿದೀನಿ. ಅದೇ ಫೈಲನ್ನ ಬಟ್ಟೆ ಬ್ಯಾನರ್ ಮೇಲೂ ಹೊಡೆಸಿ ನೋಡ್ದೆ, ದೊಡ್ಡ ಅಕ್ಷರ ಚೆನ್ನಾಗಿ ಬಂತು, ಚಿಕೋರಿ ಪ್ರಮಾಣ ಬರೆದ ಸಣ್ಣ ಸಾಲು ಇಂಕ್ ಹರಡಿ ದಪ್ಪ ಆಯ್ತು, ಬಟ್ಟೆಗೆ ಆ ಸಾಲು ತೆಗೆದುಬಿಡಿ.

ಐನೂರು ಡಿಸೈನರ್‌ಗೆ, ಆರ್ನೂರರ ಆಸುಪಾಸು ಪ್ರಿಂಟಿಗೆ, ಮುನ್ನೂರು ಕಟ್ಟೋಕೆ. ಫೈಲ್ ಈಗ ಡ್ರೈವಲ್ಲೂ ಇದೆ, ಮಗಳ ಪೆನ್‌ಡ್ರೈವಲ್ಲೂ ಇದೆ. ಕಾಲು ಕೆಜಿ ಪ್ಯಾಕೆಟ್ ಸ್ಟಿಕ್ಕರೂ ಹೋದ ವಾರ ಅದರಿಂದ್ಲೇ ಹೊಡೆಸ್ದೆ, ಡಿಸೈನ್ ಚಾರ್ಜ್ ಅಂತ ಪ್ರಿಂಟಿಂಗ್‌ನವರು ಬಾಯಿ ಬಿಡ್ಲಿಲ್ಲ.