ಮಾಡಿಗೆ ಎಷ್ಟು ಶೀಟು ಬೇಕು?

ಶೀಟಿನ ಅಂಗಡಿಗೆ ಹೋದರೆ ಮೊದಲು ಕೇಳುವುದೇ "ಎಷ್ಟು ಸ್ಕ್ವೇರ್ ಫೀಟು?" ಅಂತ. ತೀರ್ಥಹಳ್ಳಿ ಕಡೆಯ ನಮ್ಮ ಮನೆ ಕೊಟ್ಟಿಗೆಗೆ ಅಲೆ ಅಲೆಯ ಜಿಂಕ್ ಶೀಟು ತರುವಾಗ ನಾವು ನೆಲದ ಅಳತೆ ಹೇಳಿದೆವು. 30 ಅಡಿ ಉದ್ದ, 20 ಅಡಿ ಅಗಲ, ಒಟ್ಟು 600 ಚದರಡಿ. ಒಂದು ಎಂಟಡಿ ಶೀಟು ಸುಮಾರು 21 ಚದರಡಿ ಆಗುತ್ತದೆ. ಭಾಗಿಸಿ, ಒಂದೆರಡು ಜಾಸ್ತಿಯೇ ಇರಲಿ ಅಂತ 30 ಶೀಟು ತಂದೆವು. ಒಂದು ಕಡೆಯ ಇಳಿಜಾರು ಮುಚ್ಚುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಆಮೇಲೆ ತಂದ ಶೀಟಿನ ಅಲೆ ಮೊದಲಿನದರ ಮೇಲೆ ಸರಿಯಾಗಿ ಕೂರಲಿಲ್ಲ. ಬೇರೆ ಕಂಪನಿಯದು, ಅಲೆಯ ಅಳತೆ ಸ್ವಲ್ಪ ಬೇರೆ. ಹಾಗಾಗಿ ಬೇಕಾದ ಅಷ್ಟೂ ಶೀಟು ಒಂದೇ ಸಲ, ಒಂದೇ ಕಡೆಯಿಂದ ತರಬೇಕು. ಅದಕ್ಕೆ ಲೆಕ್ಕ ಮೊದಲೇ ಸರಿ ಇರಬೇಕು.

ಚದರಡಿ ಲೆಕ್ಕ ಬಿಟ್ಟುಬಿಡಿ. ನೆತ್ತಿಯ ಉದ್ದಕ್ಕೆ ಎಷ್ಟು ಶೀಟು, ನೆತ್ತಿಯಿಂದ ಸೂರಿನ ತನಕ ಎಷ್ಟು ಸಾಲು, ಈ ಎರಡನ್ನೂ ಬೇರೆ ಬೇರೆಯಾಗಿ ಎಣಿಸಿ. ಅದೇ ಕೊಟ್ಟಿಗೆಯನ್ನೇ ಇಟ್ಟುಕೊಂಡು ನೋಡೋಣ.

ಮೊದಲು ಇಳಿಜಾರಿನ ಉದ್ದ

ಚೌಕಟ್ಟು ಎದ್ದು ನಿಂತಿದ್ದರೆ ನೆತ್ತಿಯಿಂದ ಸೂರಿನ ತುದಿಗೆ ದಾರ ಎಳೆದು ಅಳೆಯಿರಿ. ಅದಕ್ಕಿಂತ ಒಳ್ಳೆಯ ಅಳತೆ ಇನ್ನೊಂದಿಲ್ಲ. ಚೌಕಟ್ಟು ಇನ್ನೂ ಎದ್ದಿಲ್ಲದಿದ್ದರೆ ಲೆಕ್ಕ ಹಾಕಬೇಕು.

ನಮ್ಮದು ಎರಡು ಕಡೆ ಇಳಿಯುವ ಮಾಡು. ನಡುವಿನಿಂದ ಗೋಡೆಗೆ 10 ಅಡಿ. ಗೋಡೆಯಿಂದ ನೆತ್ತಿ 5 ಅಡಿ ಎತ್ತರ. ಮಲೆನಾಡಿನ ಮಳೆಗೆ ಗೋಡೆ ನೆನೆಯಬಾರದು ಅಂತ ಸೂರನ್ನು 2 ಅಡಿ ಹೊರಗೆ ಚಾಚಿದ್ದೇವೆ. ಅಂದರೆ ಅಡ್ಡಕ್ಕೆ 12 ಅಡಿ. ಹತ್ತಡಿಗೆ ಐದಡಿ ಇಳಿದರೆ ಹನ್ನೆರಡಡಿಗೆ 6 ಅಡಿ ಇಳಿಯುತ್ತದೆ. ಈಗ 12ರ ವರ್ಗ 144, 6ರ ವರ್ಗ 36, ಕೂಡಿದರೆ 180. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಇದರ ವರ್ಗಮೂಲ ತೆಗೆದರೆ 13.42 ಬರುತ್ತದೆ. ಅಂದರೆ 13 ಅಡಿ 5 ಇಂಚು, ಪೂರಾ ಇಂಚಿನಲ್ಲಿ 161.

ಸೂರಿನ ಚಾಚು ಸೇರಿಸದೆ ಬರೀ ಗೋಡೆಯ ತನಕ ಅಳೆಯುವವರು ತುಂಬಾ ಜನ. ಅಲ್ಲೇ ಒಂದು ಕಡೆಗೆ ಎರಡಡಿಗಿಂತ ಜಾಸ್ತಿ ಕಡಿಮೆ ಬೀಳುತ್ತದೆ.

ನೆತ್ತಿಯ ಉದ್ದಕ್ಕೆ ಎಷ್ಟು?

ಕೊಟ್ಟಿಗೆ 30 ಅಡಿ. ಎರಡೂ ಪಕ್ಕದಲ್ಲಿ ಒಂದೊಂದು ಅಡಿ ಹೊರಗೆ ಬಿಟ್ಟರೆ 32 ಅಡಿ, ಅಂದರೆ 384 ಇಂಚು.

ಇನ್ನು ಶೀಟಿನ ಅಗಲ. ಅಂಗಡಿಯವರು ಹೇಳುವುದು ಇಡೀ ಅಗಲ. ನಿಮಗೆ ಬೇಕಾದದ್ದು ಅದು ಮುಚ್ಚುವ ಅಗಲ. ಅಂಗಡಿಯಲ್ಲೇ ಎರಡು ಶೀಟನ್ನು ನೆಲದ ಮೇಲೆ ಹಾಸಿ, ಒಂದರ ಅಂಚಿನ ಎರಡು ಅಲೆ ಇನ್ನೊಂದರ ಮೇಲೆ ಕೂರುವ ಹಾಗೆ ಇಡಿ. ಮೊದಲ ಶೀಟಿನ ಅಂಚಿನಿಂದ ಎರಡನೆಯದರ ಅದೇ ಕಡೆಯ ಅಂಚಿಗೆ ಟೇಪು ಹಿಡಿಯಿರಿ. ನಾವು ತಂದದ್ದು 32 ಇಂಚು ಅಗಲದ ಶೀಟು, ಒಂದು ಅಲೆಗೆ 3 ಇಂಚು. ಎರಡು ಅಲೆ ಹೊಂದಿಕೆಗೆ 6 ಇಂಚು ಹೋದರೆ ಉಳಿಯುವುದು 26. ಒಂದೇ ಅಲೆ ಹೊಂದಿಸಿದರೆ ಶೀಟು ಉಳಿಯುತ್ತದೆ ನಿಜ. ಆದರೆ ಜೋರು ಗಾಳಿ ಮಳೆಗೆ ನೀರು ಆ ಒಂದು ಉಬ್ಬನ್ನು ಹತ್ತಿ ಒಳಗೆ ಬರುತ್ತದೆ.

ಮೊದಲ ಶೀಟು ಪೂರಾ 32 ಇಂಚು ಮುಚ್ಚುತ್ತದೆ. ಉಳಿದದ್ದು 352. ಅದನ್ನು 26ರಿಂದ ಭಾಗಿಸಿದರೆ ಹದಿಮೂರೂವರೆ. ಅರ್ಧ ಶೀಟು ಸಿಗುವುದಿಲ್ಲ, ಆದ್ದರಿಂದ 14. ಮೊದಲಿನದು ಸೇರಿ 15.

ಹದಿನೈದು ಹಾಕಿದರೆ 12 ಇಂಚು ಮಿಕ್ಕುತ್ತದೆ. ಅದನ್ನು ಕತ್ತರಿಸುವುದು ಬೇಡ. ಪ್ರತಿ ಜೋಡಣೆಯಲ್ಲೂ ಸ್ವಲ್ಪ ಸ್ವಲ್ಪ ಹಂಚೋಣ ಅಂದರೆ ಆಗುವುದಿಲ್ಲ, ಅಲೆಯ ಮೇಲೆ ಅಲೆಯೇ ಕೂರಬೇಕಲ್ವಾ? ಹಾಗಾಗಿ ಮಳೆಗಾಳಿ ಹೆಚ್ಚು ಬಡಿಯುವ ಕಡೆ ನಾಲ್ಕು ಜೋಡಣೆಗೆ ಎರಡರ ಬದಲು ಮೂರು ಅಲೆ ಹೊಂದಿಸಿ. ನಾಲ್ಕು ಮೂರ್ಲೆ ಹನ್ನೆರಡು, ಅಲ್ಲಿಗೆ ಸರಿಹೋಯಿತು.

ಮೇಲಿನಿಂದ ಕೆಳಗೆ ಎಷ್ಟು ಸಾಲು?

ಇಳಿಜಾರು 161 ಇಂಚು. ನೆತ್ತಿಯಲ್ಲಿ ಎರಡು ಕಡೆಯ ಶೀಟು ಒಂದಕ್ಕೊಂದು ತಾಗಬಾರದು, ಒಂದು ಕಡೆಗೆ 2 ಇಂಚು ಬಿಡುತ್ತೇವೆ. ಮುಚ್ಚಬೇಕಾದದ್ದು 159. ಎಂಟಡಿಯ ಒಂದು, ಆರಡಿಯ ಒಂದು ಶೀಟು ಸೇರಿದರೆ 168 ಇಂಚು. ಒಂದರ ಮೇಲೊಂದು ಕೂರಲು 9 ಇಂಚು ಸಿಗುತ್ತದೆ. ಇಷ್ಟು ಇಳಿಜಾರಿಗೆ 6 ಇಂಚು ಸಾಕು, 9 ಇದ್ದರೆ ಇನ್ನೂ ಭದ್ರ. ಮಾಡು ಇದಕ್ಕಿಂತ ಚಪ್ಪಟೆಯಾಗಿದ್ದರೆ ಆರು ಇಂಚಿಗೆ ನಿಲ್ಲಿಸಬೇಡಿ. ನೀರು ನಿಧಾನ ಇಳಿಯುವಲ್ಲಿ ಎರಡು ಶೀಟಿನ ಸಂದಿಯಲ್ಲಿ ಅದು ಮೇಲಕ್ಕೆ ಹೀರಿಕೊಳ್ಳುತ್ತದೆ. ಹಳೆಯ ಮಾಡಿನಲ್ಲಿ ಒಳಗಿನಿಂದ ಕತ್ತೆತ್ತಿ ನೋಡಿ. ಜೋಡಣೆಯ ಗುಂಟ ಅಡ್ಡಕ್ಕೆ ತುಕ್ಕಿನ ಗೆರೆ ಕಂಡರೆ ಅಲ್ಲಿ ಹೊಂದಿಕೆ ಕಡಿಮೆಯಾಗಿದೆ ಎಂದೇ ಅರ್ಥ.

ವೆಲ್ಡಿಂಗ್‌ನವರಿಗೆ ಈ ಲೆಕ್ಕವನ್ನು ಮೊದಲೇ ಕೊಡಿ. ಎರಡು ಸಾಲು ಕೂಡುವ ಜಾಗದ ಕೆಳಗೆ ಅಡ್ಡ ಪೈಪು ಇರಲೇಬೇಕು. ನಮ್ಮ ಲೆಕ್ಕದಲ್ಲಿ ಎಂಟಡಿಯದು ಕೆಳಗಿನ ಸಾಲಿಗೆ, ಹಾಗಾಗಿ ಅದು ಸೂರಿನ ತುದಿಯಿಂದ ಸುಮಾರು ಏಳೂವರೆ ಅಡಿಗೆ ಬರುತ್ತದೆ. ಪೈಪು ಬೇರೆಲ್ಲೋ ಇದ್ದರೆ ಜೋಡಣೆಗೆ ಸ್ಕ್ರೂ ಹಿಡಿಯುವುದಿಲ್ಲ. ಆಗ ಶೀಟು ಕತ್ತರಿಸಬೇಕು, ಇಲ್ಲವೇ ಇನ್ನೊಂದು ಪೈಪು ಹಾಕಿಸಬೇಕು.

ಈಗ ಒಟ್ಟು ಎಣಿಸಿ. ಒಂದು ಕಡೆಗೆ ಎಂಟಡಿಯದು 15, ಆರಡಿಯದು 15. ಎರಡೂ ಕಡೆಗೆ ಎಂಟಡಿಯದು 30, ಆರಡಿಯದು 30. ಉದ್ದಕ್ಕೆ ಜೋಡಿಸಿದರೆ 420 ಅಡಿ. ನಾವು ಮೊದಲು ತಂದಿದ್ದು 240 ಅಡಿ ಮಾತ್ರ.

ನೆತ್ತಿಯ ಮುಚ್ಚಳ

ಇದನ್ನು ಅಂಗಡಿಯಲ್ಲಿ ರಿಡ್ಜ್ ಅಂತಾರೆ. ಎಂಟಡಿಯ ತುಂಡು, 32 ಅಡಿಗೆ ನಾಲ್ಕು ಸಾಕು ಅನಿಸುತ್ತದೆ. ಆದರೆ ಒಂದರ ಮೇಲೊಂದು ಕನಿಷ್ಠ 8 ಇಂಚು ಕೂರಬೇಕು. ಹಾಗೆ ನೋಡಿದರೆ ನಾಲ್ಕು ತುಂಡು 30 ಅಡಿಗೇ ಮುಗಿಯುತ್ತವೆ. ನಾಲ್ಕು ಪೂರ್ತಿ ತುಂಡು, ಜೊತೆಗೆ ನಾಲ್ಕಡಿಯ ಒಂದು ತನ್ನಿ. ಆಗ ಪ್ರತಿ ಜೋಡಣೆಗೂ ಒಂದು ಅಡಿ ಹೊಂದಿಕೆ ಸಿಗುತ್ತದೆ. ಅಗಲವನ್ನೂ ನೋಡಿಯೇ ತನ್ನಿ, ಎರಡೂ ಕಡೆಯ ಶೀಟಿನ ಮೇಲೆ 8 ಇಂಚು ಇಳಿಯಬೇಕು. ಕಡಿಮೆಯಾದರೆ ಗಾಳಿಗೆ ಎರಚಲು ನೇರ ಒಳಗೆ ಬರುತ್ತದೆ.

ಹೊದಿಸುವಾಗ ಕೆಳಗಿನ ಸಾಲು ಮೊದಲು, ಮೇಲಿನದು ಆಮೇಲೆ, ರಿಡ್ಜ್ ಕೊನೆಗೆ. ನಮ್ಮ ಕಡೆ ಮಳೆಗಾಳಿ ಪಶ್ಚಿಮದಿಂದ ಬೀಸುತ್ತದೆ. ಮಾಡು ಪೂರ್ವ ಪಶ್ಚಿಮವಾಗಿ ಉದ್ದಕ್ಕಿದ್ದರೆ ಪೂರ್ವದ ತುದಿಯಿಂದ ಶುರು ಮಾಡಿ. ಆಗ ಮೇಲಿನ ಶೀಟಿನ ಅಂಚು ಗಾಳಿಗೆ ಬೆನ್ನು ಹಾಕಿ ಕೂರುತ್ತದೆ. ಮೊದಲ ಶೀಟಿಗೆ ಸ್ಕ್ರೂ ಹಾಕುವ ಮುಂಚೆ ಇಳಿಜಾರಿನ ಮೂಲೆಯಿಂದ ಮೂಲೆಗೆ ಎರಡೂ ಅಳತೆ ಹಿಡಿಯಿರಿ. ಎರಡೂ ಒಂದೇ ಬಂದರೆ ಹದಿನೈದನೆಯ ಶೀಟು ನೇರವಾಗಿ ಕೂರುತ್ತದೆ. ವ್ಯತ್ಯಾಸ ಇದ್ದರೆ ಪ್ರತಿ ಶೀಟೂ ಸ್ವಲ್ಪ ಸ್ವಲ್ಪ ವಾರೆಯಾಗುತ್ತಾ ಹೋಗಿ, ಕೊನೆಯಲ್ಲಿ ಮೂಲೆ ಮುಚ್ಚಲು ಹದಿನಾರನೆಯದು ಬೇಕಾಗುತ್ತದೆ.