ಫಿಲ್ಟರ್ ಹಾಕಿದರೂ ಅಲ್ಲಾಡದ ಮೊತ್ತ: ಬೆಲ್ಲದ ಮಂಡಿ ಲೆಕ್ಕದಲ್ಲಿ ನನ್ನ ಅನುಭವ

ಮಂಡ್ಯದ ಬೆಲ್ಲದ ಮಂಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಹೆಚ್ಚುಕಡಿಮೆ ಒಂಬತ್ತು ವರ್ಷ ಆಯಿತು. ಎಕ್ಸೆಲ್‌ನಲ್ಲಿ ಫಿಲ್ಟರ್ ಹಾಕುವುದು, ಮೊತ್ತ ತೆಗೆಯುವುದು ನಮ್ಮ ಕೆಲಸದವರಿಗೆಲ್ಲ ಬರುತ್ತದೆ. ಅದನ್ನು ಹೇಳಿಕೊಡಲು ಇದನ್ನು ಬರೆಯುತ್ತಿಲ್ಲ. ಒಂದು ತಪ್ಪು ನನ್ನಿಂದ ಎರಡು ಸಲ ದುಡ್ಡು ತಿಂದಿತು. ಅದಕ್ಕೆ ನಾನು ಮಾಡಿಕೊಂಡ ದಾರಿಯನ್ನು ಯಜಮಾನ್ರೂ ನಂಬಲಿಲ್ಲ, ಪಕ್ಕದ ಮಂಡಿಯ ಗುಮಾಸ್ತರೂ ನಂಬಲಿಲ್ಲ. ಈಗ ಒಂದು ಪೂರ್ತಿ ಸೀಸನ್ ಅದೇ ದಾರಿಯಲ್ಲಿ ಲೆಕ್ಕ ನಡೆದಿದೆ, ಒಂದು ಪೈಸೆ ಆಚೀಚೆ ಆಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೇ ಪೆಟ್ಟು ಹೇಳುತ್ತೇನೆ. ಪಾಂಡವಪುರ ಕಡೆಯ ಆಲೆಮನೆಯವರೊಬ್ಬರು ನಮಗೆ ಬೆಲ್ಲ ಹಾಕುತ್ತಾರೆ. ಆ ವಾರ ಐದು ಸಲ ಮಾಲು ತಂದಿದ್ದರು. ಅವರ ಪಟ್ಟಿ ಇನ್ನೂ ನನ್ನ ಹತ್ತಿರ ಇದೆ. ಅಚ್ಚು ಬೆಲ್ಲ 8 ಕ್ವಿಂಟಾಲ್, ದರ 4,200. ಬಕೆಟ್ ಬೆಲ್ಲ 6 ಕ್ವಿಂಟಾಲ್, 3,900. ಮತ್ತೆ ಅಚ್ಚು 9 ಕ್ವಿಂಟಾಲ್, 4,100. ಬಕೆಟ್ 10 ಕ್ವಿಂಟಾಲ್, 3,850. ಕೊನೆಗೆ ಅಚ್ಚು 7 ಕ್ವಿಂಟಾಲ್, 4,250. ಇದರಲ್ಲಿ ಮೂರನೇ ಮಾಲಿನ ದುಡ್ಡನ್ನು, ಅಂದರೆ 36,900 ರೂಪಾಯಿಯನ್ನು, ಮನೆಯಲ್ಲಿ ಮದುವೆ ಇದೆ ಅಂತ ಅವರು ಮೊದಲೇ ಇಸಿದುಕೊಂಡು ಹೋಗಿದ್ದರು.

ಶನಿವಾರ ಪಾವತಿ. ಗದ್ದಲ ಅಂದರೆ ಗದ್ದಲ. ನಾನು ಪಾವತಿ ಕಾಲಂನಲ್ಲಿ ‘ಬಾಕಿ’ ಅಂತ ಫಿಲ್ಟರ್ ಹಾಕಿದೆ. ಕಣ್ಣ ಮುಂದೆ ನಾಲ್ಕೇ ಸಾಲು. ಮೊತ್ತದ ಸೆಲ್‌ನಲ್ಲಿ 1,62,150 ಅಂತಿತ್ತು. ಅದನ್ನೇ ಬರೆದು ಚೆಕ್ ಕೊಟ್ಟೆ. ಆದರೆ ಆ ನಾಲ್ಕು ಸಾಲಿನ ಮೊತ್ತ 1,25,250 ಮಾತ್ರ. ಮೂರನೇ ಸಾಲು ಕಣ್ಣಿಗೆ ಕಾಣದಿದ್ದರೂ ಲೆಕ್ಕದೊಳಗೆ ಇತ್ತು.

ಅವರು ದೊಡ್ಡ ಮನುಷ್ಯರು. ಮರುದಿನ ಫೋನ್ ಮಾಡಿ, “ಏನ್ ಸ್ವಾಮಿ, ದುಡ್ಡು ಜಾಸ್ತಿ ಬಂದೈತಲ್ಲಾ, ನೋಡ್ಕಳಿ” ಅಂದರು. ಮುಂದಿನ ಮಾಲಿನಲ್ಲಿ ಮುರಿದುಕೊಂಡೆವು. ದುಡ್ಡು ವಾಪಸ್ ಬಂತು, ಆದರೆ ಯಜಮಾನ್ರ ಮುಂದೆ ನನ್ನ ಮಾತಿಗೆ ತೂಕ ಹೋಯಿತು. “ನಾಳೆಯಿಂದ ಕ್ಯಾಲ್ಕುಲೇಟರ್ ಒತ್ತು, ಆಮೇಲೆ ಚೆಕ್ ಬರಿ” ಅಂದರು.

ನನಗೆ ತಲೆ ಕೆಡಿಸಿದ್ದು ಇನ್ನೊಂದು. ಬೇರೆ ಕೆಲವು ಶೀಟ್‌ಗಳಲ್ಲಿ ಫಿಲ್ಟರ್ ಹಾಕಿದರೆ ಮೊತ್ತ ಸರಿಯಾಗಿಯೇ ಬದಲಾಗುತ್ತಿತ್ತು. ಎಲ್ಲವೂ ನಾನೇ ಮಾಡಿದ ಶೀಟ್‌ಗಳು. ಒಂದರಲ್ಲಿ ಸರಿ, ಒಂದರಲ್ಲಿ ತಪ್ಪು, ಹೇಗೆ? ಎರಡು ರಾತ್ರಿ ಕೂತು ಒಂದೊಂದೇ ಸೆಲ್ ಮೇಲೆ ಕ್ಲಿಕ್ ಮಾಡಿ ನೋಡಿದೆ. ತಪ್ಪು ಬರುತ್ತಿದ್ದ ಕಡೆ SUM ಇತ್ತು. ಸರಿ ಬರುತ್ತಿದ್ದ ಕಡೆ SUBTOTAL ಇತ್ತು, ಅದನ್ನು ನಾನು ಟೈಪ್ ಮಾಡಿದ ನೆನಪೇ ಇಲ್ಲ. ಆಮೇಲೆ ಗೊತ್ತಾಯಿತು. ಫಿಲ್ಟರ್ ಹಾಕಿ ಸಾಲುಗಳು ಮರೆಯಾಗಿರುವಾಗ ಆಟೋಸಮ್ ಬಟನ್ ಒತ್ತಿದರೆ ಎಕ್ಸೆಲ್ ತಾನೇ SUBTOTAL ಬರೆಯುತ್ತದೆ. ಫಿಲ್ಟರ್ ಇಲ್ಲದಾಗ ಅದೇ ಬಟನ್ ಒತ್ತಿದರೆ SUM ಬರೆಯುತ್ತದೆ. ಆಮೇಲೆ ಎಷ್ಟು ಸಲ ಫಿಲ್ಟರ್ ಹಾಕಿ ತೆಗೆದರೂ ಆ SUM ಬದಲಾಗುವುದಿಲ್ಲ. ಬಟನ್ ಒತ್ತಿದ ಗಳಿಗೆ ಯಾವುದೋ ಅದರ ಮೇಲೆ ಎಲ್ಲ ನಿಂತಿದೆ. ನಿಮ್ಮ ಹಳೇ ಫೈಲ್‌ಗಳಲ್ಲೂ ಎರಡೂ ಬೆರೆತಿರಬಹುದು, ಒಮ್ಮೆ ನೋಡಿ.

ಸರಿ, ಎಲ್ಲ ಕಡೆ SUM ತೆಗೆದು ಇದನ್ನು ಹಾಕಿದೆ:

```
=SUBTOTAL(9,F5:F2000)
```

ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ನಮ್ಮ ಹುಡುಗ ಒಬ್ಬ, ಪ್ರಿಂಟ್ ಚಿಕ್ಕದಾಗಲಿ ಅಂತ, ಫಿಲ್ಟರ್ ಹಾಕದೆ ಕೆಲವು ಸಾಲು ಹಿಡಿದು ಬಲ ಕ್ಲಿಕ್ಕಿನಲ್ಲಿ Hide ಕೊಟ್ಟ. ಪ್ರಿಂಟ್‌ನಲ್ಲಿ ಕಾಣುವ ಸಾಲುಗಳ ಲೆಕ್ಕಕ್ಕೂ ಮೊತ್ತಕ್ಕೂ ಮತ್ತೆ ತಾಳೆ ಇಲ್ಲ. 9 ಹಾಕಿದರೆ ಫಿಲ್ಟರ್ ಮರೆಮಾಡಿದ್ದನ್ನು ಮಾತ್ರ ಬಿಡುತ್ತದೆ, ಕೈಯಲ್ಲಿ ಮರೆಮಾಡಿದ್ದನ್ನು ಸೇರಿಸಿಕೊಳ್ಳುತ್ತದೆ. 109 ಹಾಕಿದರೆ ಎರಡನ್ನೂ ಬಿಡುತ್ತದೆ. ಆವತ್ತಿನಿಂದ ನನ್ನ ಕೈಯಲ್ಲಿ 9 ಬರುವುದೇ ಇಲ್ಲ, ಬರೀ 109. ಸಾಲು ಹೇಗೆ ಮರೆಯಾಗಿದೆ ಅಂತ ತಿಳಿಯಲು ಎಡಗಡೆಯ ಸಾಲಿನ ನಂಬರ್ ನೋಡಿ. ನಂಬರ್ ನೀಲಿಯಾಗಿದ್ದರೆ ಫಿಲ್ಟರ್. ಕಪ್ಪಾಗಿಯೇ ಇದ್ದು 6 ಆದಮೇಲೆ 9 ಬಂದರೆ ಯಾರೋ ಕೈಯಾಡಿಸಿದ್ದಾರೆ.

ಎರಡನೇ ಪೆಟ್ಟು SUBTOTAL ಹಾಕಿದ್ದರಿಂದಲೇ ಬಿತ್ತು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಎಲ್ಲ ಆಲೆಮನೆಗಳ ಮಾಲು ಸೇರಿಸಿ ತಿಂಗಳಿಗೊಂದು ದೊಡ್ಡ ಶೀಟ್ ಇದೆ. ಅದರ ಮೊತ್ತದ ಸೆಲ್ ಅನ್ನು ಇನ್ನೊಂದು ಶೀಟ್‌ನ ವಾರ್ಷಿಕ ಲೆಕ್ಕಕ್ಕೆ ಜೋಡಿಸಿದ್ದೆ. ಅಲ್ಲಿಯೂ SUM ತೆಗೆದು SUBTOTAL ಹಾಕಿಬಿಟ್ಟೆ. ಒಂದು ದಿನ ಯಾರೋ ವ್ಯಾಪಾರಿ ಬಂದು ಬಾಕ್ಸ್ ಬೆಲ್ಲದ ವ್ಯಾಪಾರ ಎಷ್ಟಾಗಿದೆ ಅಂತ ಕೇಳಿದರು. ಫಿಲ್ಟರ್ ಹಾಕಿ ಹೇಳಿದೆ, ಹಾಗೇ ಸೇವ್ ಮಾಡಿ ಮನೆಗೆ ಹೋದೆ. ಮರುದಿನ ಆಡಿಟರ್ ಹತ್ತಿರ ಹೋದ ವಾರ್ಷಿಕ ಲೆಕ್ಕದಲ್ಲಿ ಆ ತಿಂಗಳ ವ್ಯಾಪಾರ ಸುಮಾರು 11 ಲಕ್ಷ ಕಮ್ಮಿ! ಮೊತ್ತ ಫಿಲ್ಟರ್ ಹಿಂದೆ ಹೋಗುತ್ತದೆ ಅಂದಮೇಲೆ, ಅದನ್ನು ನಂಬಿಕೊಂಡ ಬೇರೆ ಸೆಲ್‌ಗಳೂ ಅದರ ಹಿಂದೆಯೇ ಹೋಗುತ್ತವೆ ಅಲ್ವಾ? ತಿದ್ದಿ ಮತ್ತೆ ಮಾಡಿಸಲು ಎರಡೂವರೆ ಸಾವಿರ ರೂಪಾಯಿ ನನ್ನ ಜೇಬಿನಿಂದ ಕೊಟ್ಟೆ ಅಂತ ನೆನಪು.

ಅಲ್ಲಿಂದ ಬಂದದ್ದೇ ನನ್ನ ಈಗಿನ ಪದ್ಧತಿ. ಪ್ರತಿ ಶೀಟ್‌ನಲ್ಲೂ ಎರಡು ಮೊತ್ತ, ಅಕ್ಕಪಕ್ಕದಲ್ಲಿ, ಮೇಲ್ಗಡೆ. ಎರಡನೇ ಸಾಲಿನಲ್ಲಿ ‘ಪೂರ್ತಿ’, ಅದರ ಪಕ್ಕ ‘ಕಾಣುವುದು’. ನಾಲ್ಕನೇ ಸಾಲಿನಲ್ಲಿ ತಲೆಬರಹ, ಐದರಿಂದ ಮಾಲು.

```
=SUM(F5:F2000)
=SUBTOTAL(109,F5:F2000)
```

ಬೇರೆ ಶೀಟ್‌ಗೆ ಜೋಡಿಸುವುದು ಯಾವಾಗಲೂ ‘ಪೂರ್ತಿ’ ಸೆಲ್. ಚೆಕ್ ಬರೆಯುವುದು ಯಾವಾಗಲೂ ‘ಕಾಣುವುದು’ ಸೆಲ್ ನೋಡಿ. ಮೊತ್ತವನ್ನು ಮೇಲೆ ಇಟ್ಟಿದ್ದಕ್ಕೂ ಕಾರಣ ಇದೆ. ಕೆಳಗೆ ಇಟ್ಟರೆ ಹೊಸ ಮಾಲು ಬರೆದಾಗ ಅದು ಮೊತ್ತದ ಕೆಳಗೆ ಹೋಗಿ ಲೆಕ್ಕಕ್ಕೆ ಸಿಗುವುದಿಲ್ಲ. ಕೆಲವು ಸಲ SUM ಇರುವ ಸಾಲೇ ಫಿಲ್ಟರ್‌ನಲ್ಲಿ ಮಾಯವಾಗುತ್ತದೆ. ಮೇಲೆ ಇಟ್ಟು ಆ ನಾಲ್ಕು ಸಾಲನ್ನು ಫ್ರೀಜ್ ಮಾಡಿದರೆ ಆಯಿತು.

ಪಕ್ಕದ ಮಂಡಿಯವರು ನೋಡಿ, “ಒಂದು ಲೆಕ್ಕಕ್ಕೆ ಎರಡು ಮೊತ್ತ ಇದ್ದರೆ ಗೊಂದಲ ಆಗಲ್ವೇನ್ರಿ? ಫಿಲ್ಟರ್ ಹಾಕಿ ಬೇರೆ ಶೀಟ್‌ಗೆ ಕಾಪಿ ಮಾಡಿ ಕೂಡಿಸಿಕೊಳ್ಳಿ” ಅಂದರು. ಅವರು ಹಾಗೇ ಮಾಡುತ್ತಾರೆ. ಕಾಪಿ ಆದಮೇಲೆ ಮೂಲದಲ್ಲಿ ದರ ತಿದ್ದಿದರೆ ಕಾಪಿಯಲ್ಲಿ ಹಳೇ ದರವೇ ಇರುತ್ತದೆ, ಅದಕ್ಕೆ ಏನು ಮಾಡುತ್ತೀರಿ ಅಂತ ಕೇಳಿದೆ. ಉತ್ತರ ಬರಲಿಲ್ಲ. ಈಗ ಅವರೂ ಸೇರಿ ಮೂರು ಮಂಡಿಯವರು ನನ್ನ ಫೈಲ್ ಇಟ್ಟುಕೊಂಡಿದ್ದಾರೆ.

ಎರಡು ಮೊತ್ತ ಬೇರೆ ಬೇರೆ ಆದಾಗ ‘ಕಾಣುವುದು’ ಸೆಲ್ ಕೆಂಪಾಗುವ ಹಾಗೆ ಮಾಡಿದ್ದೇನೆ. ಮೊತ್ತಗಳನ್ನು ಮಾತ್ರ ಹೋಲಿಸಿದರೆ ಒಂದು ಕಡೆ ಮೋಸ ಹೋಗುತ್ತೀರಿ. ದರ ಇನ್ನೂ ಬರೆಯದ ಮಾಲು ಮರೆಯಾಗಿದ್ದರೆ ಅದರ ಮೊತ್ತ ಸೊನ್ನೆ, ಹಾಗಾಗಿ ಎರಡೂ ಸೆಲ್ ಒಂದೇ ತೋರಿಸುತ್ತವೆ. ಅದಕ್ಕೆ ನಾನು ಹೋಲಿಸುವುದು ಬೇರೆ ಏನನ್ನೋ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಸ್ವಲ್ಪ ಯೋಚಿಸಿದರೆ ನಿಮಗೂ ಹೊಳೆಯುತ್ತದೆ.

ಇದರ ನಡುವೆ ಸರಾಸರಿ ದರದ ಹಿಂದೆಯೂ ಬಿದ್ದೆ. ಮೊದಲು ದರದ ಕಾಲಂಗೆ SUBTOTAL ಒಳಗೆ 101 ಹಾಕಿ ಸರಾಸರಿ ತೆಗೆದೆ. ಮೇಲಿನ ನಾಲ್ಕು ಬಾಕಿ ಮಾಲಿಗೆ 4,050 ಬಂತು. ಅದು ತಪ್ಪು. 6 ಕ್ವಿಂಟಾಲಿಗೂ 10 ಕ್ವಿಂಟಾಲಿಗೂ ಅದು ಒಂದೇ ಬೆಲೆ ಕೊಡುತ್ತದೆ. ಕಾಣುವ ಮೊತ್ತವನ್ನು ಕಾಣುವ ಕ್ವಿಂಟಾಲ್‌ನಿಂದ ಭಾಗಿಸಬೇಕು:

```
=SUBTOTAL(109,F5:F2000)/SUBTOTAL(109,D5:D2000)
```

1,25,250 ಅನ್ನು 31 ಕ್ವಿಂಟಾಲ್‌ನಿಂದ ಭಾಗಿಸಿದರೆ 4,040 ಚಿಲ್ಲರೆ. ಹತ್ತು ರೂಪಾಯಿ ವ್ಯತ್ಯಾಸ ತಾನೇ ಅನ್ನಬೇಡಿ. ದಿನಕ್ಕೆ 300 ಕ್ವಿಂಟಾಲ್ ಬರುವ ಕಾಲದಲ್ಲಿ ಅದು ಮೂರು ಸಾವಿರ. ಈ ಸೆಲ್ ಮಾಡಿದ ಮೇಲೆ ಯಜಮಾನ್ರು ಮೊದಲ ಸಲ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಅಚ್ಚು ತೋರಿಸು, ಬಕೆಟ್ ತೋರಿಸು, ಮದ್ದೂರು ಕಡೆಯದ್ದು ತೋರಿಸು ಅಂತ ಒಂದು ಗಂಟೆ ಎಬ್ಬಿಸಲಿಲ್ಲ.

ಇನ್ನೊಂದು ಪ್ರಯೋಗ ಕೈಕೊಟ್ಟಿತು. ಫಿಲ್ಟರ್ ಹಾಕಿದಾಗ ಕ್ರಮಸಂಖ್ಯೆಯೂ 1, 2, 3 ಅಂತ ತಾನೇ ಜೋಡಿಸಿಕೊಳ್ಳಲಿ ಅಂತ ಪ್ರತಿ ಸಾಲಿಗೂ SUBTOTAL ಹಾಕಿದೆ. ಆಗ ಯಾವ ಫಿಲ್ಟರ್ ಹಾಕಿದರೂ ಕೊನೇ ಸಾಲು ಮರೆಯಾಗದೆ ಅಲ್ಲೇ ಕೂರುತ್ತಿತ್ತು. ಕೊನೇ ಸಾಲಿನಲ್ಲಿ SUBTOTAL ಕಂಡರೆ ಅದು ಮೊತ್ತದ ಸಾಲು ಅಂತ ಎಕ್ಸೆಲ್ ತಿಳಿದುಕೊಳ್ಳುತ್ತದೆ. ಒಂದು ದಿನ ಪೂರ್ತಿ ಇದರಲ್ಲೇ ಹೋಯಿತು. ಕೊನೆಗೆ ಹೆಸರಿನ ಕಾಲಂ ನಂಬಿಕೊಂಡು AGGREGATE ಹಾಕಿದೆ, ಸರಿಹೋಯಿತು:

```
=AGGREGATE(3,5,B$5:B5)
```

ಇಲ್ಲಿ 3 ಅಂದರೆ ಎಣಿಕೆ, 5 ಅಂದರೆ ಮರೆಯಾದ ಸಾಲು ಬಿಡು. ದರದ ಕಾಲಂನಲ್ಲಿ #N/A ಬಂದು ಮೊತ್ತವೇ ಕೆಟ್ಟುಹೋಗುವ ಕಡೆಯೂ ಇದೇ ಕೈಹಿಡಿಯುತ್ತದೆ. ಅಲ್ಲಿ ಮೊತ್ತಕ್ಕೆ 9, ಪಕ್ಕದಲ್ಲಿ 7 ಹಾಕಿದರೆ ತಪ್ಪು ಸೆಲ್‌ಗಳನ್ನೂ ಮರೆಯಾದ ಸಾಲನ್ನೂ ಎರಡನ್ನೂ ಬಿಡುತ್ತದೆ. ಆದರೆ ಚೆಕ್ ಬರೆಯುವ ಶೀಟ್‌ನಲ್ಲಿ ಇದನ್ನು ಹಾಕಬೇಡಿ. #N/A ಬಂದರೆ ಅಲ್ಲಿ ಮೊತ್ತ ಕೆಡಲೇಬೇಕು. ದರ ಸಿಗದ ಮಾಲನ್ನು ಸುಮ್ನೆ ಬಿಟ್ಟು ಲೆಕ್ಕ ಮುಗಿಸಿದರೆ ರೈತನಿಗೆ ಕಮ್ಮಿ ದುಡ್ಡು ಹೋಗುತ್ತದೆ.

ಮೂರು ತಿಂಗಳು ಯಜಮಾನ್ರು ಪ್ರತಿ ಶನಿವಾರ ಕ್ಯಾಲ್ಕುಲೇಟರ್ ಹಿಡಿದು ನನ್ನ ‘ಕಾಣುವುದು’ ಸೆಲ್ ಜೊತೆ ತಾಳೆ ನೋಡಿದರು. ಒಂದೇ ಒಂದು ಸಲ ಬೇರೆ ಬಂತು, ಅದೂ ಅವರು ಒಂದು ಸಾಲು ಎರಡು ಸಲ ಒತ್ತಿದ್ದಕ್ಕೆ. ಈಗ ಕ್ಯಾಲ್ಕುಲೇಟರ್ ತೂಕದ ಕಡೆ ಹೋಗಿದೆ. ಪಾಂಡವಪುರದವರು ಹೋದ ವಾರ ಬಂದಿದ್ದರು. ಬಾಕಿ ಫಿಲ್ಟರ್ ಹಾಕಿ, ಪರದೆ ಅವರ ಕಡೆ ತಿರುಗಿಸಿ, ಮೊತ್ತ ಅವರ ಬಾಯಲ್ಲೇ ಓದಿಸಿ ಚೆಕ್ ಬರೆದೆ.